ಹುಟ್ಟುಹಬ್ಬದ ಕರೆಯೋಲೆ: ಆಟ ಮಾತಿನಲ್ಲಿರಲಿ, ಅಕ್ಷರದಲ್ಲಿ ಬೇಡ

ಮದುವೆಯ ಕರೆಯೋಲೆಯನ್ನು ಯಾರೂ ಪೂರ್ತಿ ಓದುವುದಿಲ್ಲ. ಮುಹೂರ್ತದ ದಿನ, ಛತ್ರದ ಹೆಸರು ಸಿಕ್ಕರೆ ಸಾಕು. ಛತ್ರ ಎಲ್ಲಿದೆಯೆಂದು ಆಟೊದವರಿಗೇ ಗೊತ್ತಿರುತ್ತದೆ. ಆರು ವರ್ಷದ ಮಗುವಿನ ಹುಟ್ಟುಹಬ್ಬದ ಸಂಗತಿ ಬೇರೆ. ಸಮಾರಂಭ ನಡೆಯುವುದು ಯಾವುದೋ ಕ್ರಾಸಿನ ಮನೆಯಲ್ಲಿ. ಕರೆಸಿಕೊಂಡವರಲ್ಲಿ ಅರ್ಧದಷ್ಟು ಜನ ಮಗುವಿನ ಸಹಪಾಠಿಗಳ ಅಪ್ಪ-ಅಮ್ಮಂದಿರು, ಅವರು ಆ ಮನೆಯ ಹೊಸಿಲು ತುಳಿದವರಲ್ಲ. ಕರೆಯೋಲೆ ಅವರ ಕೈಸೇರುವುದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಒಂದು ಚಿತ್ರವಾಗಿ. ಹೀಗೆ ಹೆಚ್ಚು ಕೆಲಸ ಮಾಡಬೇಕಾದ ಕರೆಯೋಲೆಯಲ್ಲೇ ನಾವು ಕಡಿಮೆ ಮಾಹಿತಿ ಕೊಡುತ್ತೇವೆ. ಬಲೂನು, ಮಿನುಗು, ಬಾಗಿದ ಅಕ್ಷರ, ಮಗುವಿನ ನಾಲ್ಕು ಫೋಟೊ ಎಲ್ಲ ಇರುತ್ತವೆ. ಎಷ್ಟು ಹೊತ್ತಿಗೆ ಬರಬೇಕು, ಊಟ ಉಂಟೋ ಇಲ್ಲವೋ ಎನ್ನುವುದು ಮಾತ್ರ ಮೂಲೆಯಲ್ಲಿ ಇರುವೆಸಾಲಿನಂತೆ ಕೂತಿರುತ್ತದೆ. ತಮಾಷೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಆ ತಮಾಷೆಯನ್ನು ಅಕ್ಷರದ ಆಕಾರಕ್ಕೆ ಹಚ್ಚುವ ಬದಲು ಮಾತಿನಲ್ಲಿ ಇಟ್ಟರೆ ಮಗುವಿಗೂ ಖುಷಿ, ಓದುವವರಿಗೂ ಸಲೀಸು.

ಕನ್ನಡ ಲಿಪಿಯ ಗುಣವೇ ಇದಕ್ಕೆ ಕಾರಣ. ನಮ್ಮ ಅಕ್ಷರ ಸಾಲಿನ ಮೇಲಷ್ಟೇ ನಿಲ್ಲುವುದಿಲ್ಲ. ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಟೆಂಪ್ಲೇಟಿನಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ. ಅದರೊಳಗೆ ‘ಹುಟ್ಟುಹಬ್ಬಕ್ಕೆ’ ಎಂದು ಬರೆದರೆ ಮೂರು ಒತ್ತುಗಳೂ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತವೆ. ಅಕ್ಷರಗಳನ್ನು ಕಾಮನಬಿಲ್ಲಿನ ಹಾಗೆ ಬಾಗಿಸುವ ಸೌಲಭ್ಯ ಇನ್ನೂ ತಾಪತ್ರಯದ್ದು. ಕೆಲವು ಆ್ಯಪ್‌ಗಳು ಪದವನ್ನು ಬಿಡಿ ಬಿಡಿಯಾಗಿ ಒಡೆದು ಬಾಗಿಸುವುದರಿಂದ ಒತ್ತಕ್ಷರ ತನ್ನ ಮೂಲಾಕ್ಷರವನ್ನು ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಿದಾಗಲೂ ಇದೇ ಪಾಡು. ಇದನ್ನು ಪತ್ತೆಹಚ್ಚುವುದು ಸುಲಭ: ಮಗುವಿನ ಹೆಸರಿನಲ್ಲಿ ಒತ್ತಿದ್ದರೆ ಅದನ್ನೇ ಮೊದಲು ಟೈಪ್ ಮಾಡಿ ನೋಡಬೇಕು. ‘ಆದ್ಯಾ’ ಎಂಬುದು ‘ಆದ್’ ಮತ್ತು ‘ಯಾ’ ಎಂದು ಎರಡಾಗಿ ಕಂಡರೆ ಆ ಫಾಂಟನ್ನೋ ಆ ಆ್ಯಪನ್ನೋ ಅಲ್ಲಿಗೇ ಕೈಬಿಡಬೇಕು. ಕಾರ್ಡ್ ಅಚ್ಚು ಹಾಕಿಸುವವರಿಗೂ ಇದರಿಂದ ಬಿಡುಗಡೆಯಿಲ್ಲ. ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಮುದ್ರಣದ ಅಂಗಡಿಯ ಹಳೆಯ ತಂತ್ರಾಂಶದಲ್ಲಿ ಇರುವುದು ಬೇರೆ ಸಂಕೇತದ ಫಾಂಟ್. ಒಂದನ್ನು ಇನ್ನೊಂದಕ್ಕೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತುಗಳು ಕಳಚಿಹೋಗುವುದುಂಟು. ಅಚ್ಚಿಗೆ ಒಪ್ಪಿಗೆ ಕೊಡುವ ಮುನ್ನ ಕರಡನ್ನು ಕಣ್ಣಿಟ್ಟು ಓದುವುದೊಂದೇ ದಾರಿ.

ದುಂಡನೆಯ, ಮುದ್ದಾದ ಅಕ್ಷರವೇ ಬೇಕೆಂದರೆ ಕನ್ನಡಕ್ಕೆಂದೇ ರೂಪಿಸಿದ ಬಾಲೂ ತಮ್ಮ ಎಂಬ ಫಾಂಟ್ ಉಚಿತವಾಗಿಯೇ ಸಿಗುತ್ತದೆ. ಅದನ್ನು ಹೆಸರಿಗೆ ಮಾತ್ರ ಬಳಸಿ, ಮಿಕ್ಕ ವಿವರವನ್ನು ನೋಟೊ ಸಾನ್ಸ್ ಕನ್ನಡದಂಥ ಸಾದಾ ಫಾಂಟಿನಲ್ಲಿ ಇಡುವುದು ಮೇಲು. ಗಾತ್ರಕ್ಕೂ ಒಂದು ಲೆಕ್ಕವಿದೆ. ಫೋನಿನ ಪರದೆಯ ಅಗಲ ಸುಮಾರು 7 ಸೆಂ.ಮೀ. ಆ ಅಗಲದಲ್ಲಿ ಅಕ್ಷರದ ಮೈ, ಒತ್ತು ಬಿಟ್ಟು, 3 ಮಿ.ಮೀ.ಗಿಂತ ಕಡಿಮೆಯಾದರೆ ಅಜ್ಜಿ-ತಾತಂದಿರು ಚಿತ್ರವನ್ನು ಹಿಗ್ಗಿಸಿ, ಅತ್ತಿತ್ತ ಸರಿಸಿ ಓದಬೇಕಾಗುತ್ತದೆ. ‘ಧ’ ಯಾವುದು ‘ಥ’ ಯಾವುದು ಎಂಬುದು ಎಳೆಗಣ್ಣಿಗೂ ಗೊತ್ತಾಗುವುದಿಲ್ಲ. ಈ ಗಾತ್ರದಲ್ಲಿ ಒಂದು ಸಾಲಿಗೆ ಹಿಡಿಯುವುದು ಮೂರೋ ನಾಲ್ಕೋ ಪದ, ವಿಭಕ್ತಿ ಸೇರಿ ಉದ್ದವಾದ ಪದಗಳಾದರೆ ಎರಡೇ. ಆದ್ದರಿಂದ ಚಿತ್ರದ ಮೇಲೆ ಐದಾರು ಸಾಲಿಗಿಂತ ಹೆಚ್ಚು ಬರೆಯಲು ಜಾಗವೇ ಇಲ್ಲ. ಉಳಿದ ವಿವರವನ್ನು ಚಿತ್ರದ ಕೆಳಗೆ ಸಾದಾ ಸಂದೇಶವಾಗಿ ಬರೆಯಬೇಕು. ಹಾಗೆ ಬರೆದದ್ದನ್ನು ನಕಲು ಮಾಡಿಕೊಳ್ಳಬಹುದು, ಫೋನ್ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುತ್ತದೆ. ಚಿತ್ರದೊಳಗಿನ ಸಂಖ್ಯೆಯನ್ನಾದರೆ ಎಷ್ಟೋ ಸಲ ಕಾಗದಕ್ಕೆ ಬರೆದುಕೊಂಡು ಮತ್ತೆ ಒತ್ತಬೇಕಾಗುತ್ತದೆ.

ಒಂದು ಮಾದರಿಯನ್ನೇ ನೋಡೋಣ. ಆದ್ಯಾ ಎಂಬ ಕಲ್ಪಿತ ಹುಡುಗಿಗೆ 2026ರ ಡಿಸೆಂಬರ್ 5ಕ್ಕೆ ಆರು ತುಂಬುತ್ತದೆ ಎಂದುಕೊಳ್ಳಿ. ವಾಡಿಕೆಯ ಕರೆಯೋಲೆ ಹೀಗಿರುತ್ತದೆ: ‘ನಮ್ಮ ಮುದ್ದಿನ ಸುಪುತ್ರಿ ಚಿ. ಆದ್ಯಾಳ ಆರನೇ ವರ್ಷದ ಜನ್ಮದಿನೋತ್ಸವದ ಶುಭ ಸಂದರ್ಭದಲ್ಲಿ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಮಗುವನ್ನು ಆಶೀರ್ವದಿಸಬೇಕಾಗಿ ವಿನಂತಿ. ತಮ್ಮ ಆಗಮನಾಭಿಲಾಷಿಗಳು...’ ಇದು ಮದುವೆ ಕಾರ್ಡಿನಿಂದ ಎತ್ತಿಕೊಂಡ ಮಾತು. ಆದ್ಯಾಳ ಗೆಳತಿಗೆ ಇದರಲ್ಲಿ ಒಂದು ಸಾಲೂ ದಕ್ಕದು. ಒಂದನೇ ತರಗತಿಯ ಮಗು ಕಾಗುಣಿತ ದಾಟಿ ಒತ್ತಕ್ಷರದ ಬಾಗಿಲಲ್ಲಿ ನಿಂತಿರುತ್ತದೆ, ‘ಹಲ್ಲು’ ಓದೀತು, ‘ಜನ್ಮದಿನೋತ್ಸವ’ ಓದಲಾರದು. ಅವಳ ಅಮ್ಮನಿಗೂ ಬೇಕಾದದ್ದು ಸಿಗಲಿಲ್ಲ. ಇದೇ ಕರೆಯನ್ನು ಚಿತ್ರದ ಮೇಲೆ ಹೀಗೆ ಬರೆಯಬಹುದು:

ಆದ್ಯಾಳಿಗೆ ಆರು ತುಂಬಿತು!
ಮುಂದಿನ ಎರಡು ಹಲ್ಲು ಬಿದ್ದಿವೆ.
ಕೇಕ್ ತಿನ್ನಲು ಉಳಿದವು ಸಾಕಂತೆ!
ಡಿಸೆಂಬರ್ 5, ಶನಿವಾರ
ಸಂಜೆ 5ರಿಂದ 7.30
ನಮ್ಮ ಮನೆಯಲ್ಲಿ. ಬನ್ನಿ!

ತಮಾಷೆಯೆಲ್ಲ ಎರಡು ಸಾಲಿನಲ್ಲಿ ಮುಗಿಯಿತು, ಅದೂ ಆ ಮಗುವಿಗೆ ಮಾತ್ರ ಒಪ್ಪುವ ತಮಾಷೆ. ಚಿತ್ರವೂ ಇದಕ್ಕೆ ಹೊಂದಬೇಕು: ಮೇಲೆ ಹಲ್ಲಿಲ್ಲದ ಡೈನೊಸಾರ್ ಒಂದು, ಅದರ ಹೆಜ್ಜೆಗುರುತುಗಳು ಎಡ ಅಂಚಿನಲ್ಲಿ ಕೆಳಗಿಳಿದು ‘ಬನ್ನಿ’ ಎಂಬಲ್ಲಿ ನಿಂತರೆ ಕಣ್ಣು ತಾನಾಗಿ ಓದಿನ ಸಾಲನ್ನು ಹಿಡಿದು ಸಾಗುತ್ತದೆ. ಅಕ್ಷರಗಳ ಹಿಂದೆ ಫೋಟೊ ಇಡಕೂಡದು; ತಿಳಿ ಬಣ್ಣದ ಮೇಲೆ ಕಡು ಅಕ್ಷರವೇ ಸರಿ. ತಾರೀಕಿನ ಜೊತೆ ವಾರ ಬರೆದಿರುವುದು ಅಲಂಕಾರಕ್ಕಲ್ಲ. ಹೋದ ವರ್ಷದ ಚಿತ್ರವನ್ನೇ ತಿದ್ದಿ ಕಳಿಸುವವರು ವಾರ ಬದಲಿಸಲು ಮರೆತರೆ, ಎರಡೂ ತಾಳೆಯಾಗದ್ದನ್ನು ಕಂಡು ಯಾರಾದರೂ ಕೇಳಿಯಾರು. ತಿಂಗಳ ಹೆಸರೂ ಅಕ್ಷರದಲ್ಲೇ ಇರಲಿ. 5/12 ಎಂದರೆ ಅಮೆರಿಕದಿಂದ ಬಂದಿರುವ ಚಿಕ್ಕಪ್ಪ ಅದನ್ನು ಮೇ 12 ಎಂದು ಓದಬಹುದು.

ಚಿತ್ರದ ಕೆಳಗಿನ ಸಂದೇಶ ಇಷ್ಟಿದ್ದರೆ ಸಾಕು: ‘ಒಂದನೇ ತರಗತಿ ಬಿ ವಿಭಾಗದ ಆದ್ಯಾಳ (ಮನೆಯವರಿಗೆ ಚಿನ್ನು) ಹುಟ್ಟುಹಬ್ಬ. ಮೊದಲು ಆಟ, 5.45ಕ್ಕೆ ಕೇಕ್ (ಮೊಟ್ಟೆ ಹಾಕಿಲ್ಲ), 7ಕ್ಕೆ ಎಲ್ಲರಿಗೂ ಊಟ. ಮಗುವನ್ನು ಬಿಟ್ಟುಹೋಗಿ 7.30ಕ್ಕೆ ಬಂದು ಕರೆದುಕೊಂಡು ಹೋಗಬಹುದು, ನೀವೂ ಇದ್ದರೆ ಸಂತೋಷ. ತಮ್ಮ-ತಂಗಿಯರೂ ಬರಲಿ. ಬುಧವಾರದೊಳಗೆ ತಿಳಿಸಿ.’ ಮಗುವಿನ ಎರಡು ಹೆಸರೂ ಬೇಕು, ಏಕೆಂದರೆ ನೆಂಟರಿಗೆ ಗೊತ್ತಿರುವುದು ಚಿನ್ನು, ಶಾಲೆಗೆ ಗೊತ್ತಿರುವುದು ಆದ್ಯಾ. ತರಗತಿಯಲ್ಲಿ ಇಬ್ಬರು ಆದ್ಯಾ ಇದ್ದರೆ ವಿಭಾಗವೂ ಬೇಕು. ಊಟ ಎಂದು ಸ್ಪಷ್ಟವಾಗಿ ಬರೆದರೆ ಬರುವವರ ಮನೆಯಲ್ಲಿ ಅಂದು ರಾತ್ರಿ ಒಲೆ ಹಚ್ಚಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತದೆ. ಬರೀ ‘ತಿಂಡಿ’ ಇದ್ದರೆ ತಿಂಡಿ ಎಂದೇ ಬರೆಯಲು ಸಂಕೋಚವೇಕೆ?

ಮುಗಿಯುವ ಹೊತ್ತನ್ನು ಬರೆಯುವುದು ಅತಿಥಿಗಳನ್ನು ಎಬ್ಬಿಸಿ ಕಳಿಸಿದಂತೆ ಎಂಬ ಆಕ್ಷೇಪ ಇದೆ. ನಮ್ಮ ಕಡೆ ಆ ಸಂಕೋಚ ಸಹಜವೇ. ಆದರೆ ಮಗುವನ್ನು ಬಿಟ್ಟುಹೋಗುವ ತಂದೆಗೆ ಅದು ತಿಳಿಯಲೇಬೇಕು. ಊಟದ ಹೊತ್ತನ್ನು ಜೊತೆಗಿಟ್ಟರೆ ಒರಟುತನವೂ ಇಲ್ಲವಾಗುತ್ತದೆ. ಉಂಡು ಹೊರಡುವುದು ಯಾರಿಗೂ ಅವಮಾನವಲ್ಲ. ಹಾಗೆಯೇ ‘5 ಗಂಟೆಗೆ ಸರಿಯಾಗಿ’ ಎಂಬ ತಾಕೀತಿಗಿಂತ ‘ಕೇಕ್ 5.45ಕ್ಕೆ’ ಎಂಬ ಸುದ್ದಿ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಅದನ್ನು ಓದಿದ ಮಗುವೇ ದೊಡ್ಡವರನ್ನು ಹೊರಡಿಸುತ್ತದೆ. ಹಿರಿಯರಿಗೆ ಇಂಥ ಸಲುಗೆಯ ಮಾತು ಸಲ್ಲದು ಎನ್ನುವವರ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಅತ್ತೆ-ಮಾವ, ದೊಡ್ಡಪ್ಪ-ದೊಡ್ಡಮ್ಮಂದಿರನ್ನು ಫೋನ್ ಮಾಡಿಯೋ ಮನೆಗೆ ಹೋಗಿಯೋ ಕರೆಯುವುದೇ ಕ್ರಮ. ಅವರಿಗೆ ಕಳಿಸುವ ಚಿತ್ರ ನೆನಪೋಲೆ ಮಾತ್ರ. ಅದೇ ಚಿತ್ರದ ಕೆಳಗೆ ‘ಮಗುವನ್ನು ಹರಸಲು ತಾವು ಬರಬೇಕು’ ಎಂದು ಒಂದು ಸಾಲು ಬೇರೆ ಬರೆದರೆ ಗೌರವಕ್ಕೆ ಕುಂದಿಲ್ಲ.

ಇನ್ನು ದಾರಿ. ಲೊಕೇಶನ್ ಕಳಿಸಿದ ಮೇಲೆ ದಾರಿ ಬರೆಯುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬೇರೆ ಊರಿನವರನ್ನು ಬಡಾವಣೆಯವರೆಗೆ ತರುವುದರಲ್ಲಿ ಗೂಗಲ್ ಮ್ಯಾಪ್‌ಗೆ ಸಾಟಿಯಿಲ್ಲ. ತೊಂದರೆ ಇರುವುದು ಕೊನೆಯ ಇನ್ನೂರು ಮೀಟರಿನಲ್ಲಿ. ಮನೆಯೊಳಗೆ ಕೂತು ಕಳಿಸಿದ ಪಿನ್ ಕೆಲವೊಮ್ಮೆ ಹಿಂದಿನ ರಸ್ತೆಯ ಮೇಲೆ ಬೀಳುತ್ತದೆ, ನಕ್ಷೆ ಅಲ್ಲಿಗೇ ಕರೆದೊಯ್ದು ನಿಲ್ಲಿಸುತ್ತದೆ. ‘ಲೈವ್ ಲೊಕೇಶನ್’ ಕಳಿಸಿದರಂತೂ ಕೆಲವು ಗಂಟೆಗಳಲ್ಲಿ ಅದು ನಿಂತೇ ಹೋಗುತ್ತದೆ. ಬೆಂಗಳೂರಿನಲ್ಲಿ ಬರೀ ವಿಳಾಸವನ್ನೂ ನೆಚ್ಚುವಂತಿಲ್ಲ. ಪ್ರತಿ ಬಡಾವಣೆಯಲ್ಲೂ ಕ್ರಾಸ್‌ಗಳ ಎಣಿಕೆ ಒಂದರಿಂದ ಶುರುವಾಗುವುದರಿಂದ ಊರಿನ ತುಂಬ 8ನೇ ಕ್ರಾಸ್‌ಗಳಿವೆ. ಆದ್ದರಿಂದ ಪಿನ್ನಿನ ಜೊತೆಗೆ ಇಂಥದೊಂದು ಟಿಪ್ಪಣಿ ಇರಲಿ: ‘ಮೆಟ್ರೊ ನಿಲ್ದಾಣದಿಂದ ನೀರಿನ ಟ್ಯಾಂಕ್ ಕಡೆಗೆ ಬನ್ನಿ. ಟ್ಯಾಂಕ್ ದಾಟಿದ ಮೇಲೆ ಎಡಕ್ಕೆ ಎರಡನೇ ತಿರುವು, 8ನೇ ಕ್ರಾಸ್. ಬಲಗಡೆ ನಾಲ್ಕನೇ ಮನೆ, ಗೇಟಿಗೆ ಬಲೂನು ಕಟ್ಟಿರುತ್ತೇವೆ. ಗಣಪತಿ ದೇವಸ್ಥಾನ ಕಂಡರೆ ಮುಂದೆ ಹೋಗಿಬಿಟ್ಟಿದ್ದೀರಿ. ಕ್ರಾಸಿನಲ್ಲಿ ಕಾರಿಗೆ ಜಾಗವಿಲ್ಲ, ಪಾರ್ಕಿನ ಬದಿ ನಿಲ್ಲಿಸಿ.’

ಇದರಲ್ಲಿ ಎಡ-ಬಲಕ್ಕೆ ಬೆಲೆ ಬಂದಿರುವುದು ಹೊರಡುವ ಜಾಗವನ್ನು ಮೊದಲೇ ಹೇಳಿರುವುದರಿಂದ. ಎದುರುಗಡೆಯಿಂದ ಬರುವವರಿಗೆ ಅದೇ ಎಡ ಬಲವಾಗುತ್ತದೆ. ಎರಡೂ ಕಡೆಯಿಂದ ಜನ ಬರುವುದಾದರೆ ಇನ್ನೊಂದು ಸಾಲು ಸೇರಿಸಬೇಕು, ನಡುವೆ ಡಿವೈಡರ್ ಇದ್ದರೆ ಯೂ ಟರ್ನ್ ಎಲ್ಲೆಂಬುದನ್ನೂ. ಗುರುತಿಗೆ ಟ್ಯಾಂಕು, ದೇವಸ್ಥಾನ, ಶಾಲೆಯಂಥವು ಒಳ್ಳೆಯವು. ಬೇಕರಿ ಹೆಸರು ಬದಲಾಗುತ್ತದೆ, ಹಳದಿ ಬಣ್ಣದ ಮನೆ ಕತ್ತಲಾದ ಮೇಲೆ ಹಳದಿಯಾಗಿ ಕಾಣುವುದಿಲ್ಲ. ಎಲ್ಲಕ್ಕಿಂತ ಉಪಯೋಗದ್ದು ‘ದೇವಸ್ಥಾನ ಕಂಡರೆ ಮುಂದೆ ಹೋಗಿದ್ದೀರಿ’ ಎಂಬ ಮಾತು. ದಾರಿ ತಪ್ಪಿದವರಿಗೆ ತಪ್ಪಿದ್ದು ತಿಳಿಯುವುದೇ ತಡವಾಗಿ. ಈ ಒಂದು ಸಾಲಿದ್ದರೆ ಕೂಡಲೇ ಹಿಂತಿರುಗುತ್ತಾರೆ. ಮನೆ ಸಂಖ್ಯೆಯನ್ನು ಮಗುವಿನ ಫೋಟೊ ಇರುವ ಚಿತ್ರದ ಮೇಲೆ ಬರೆಯದಿರುವುದು ಕ್ಷೇಮ, ಚಿತ್ರ ಯಾವ ಗುಂಪಿಗೆ ಫಾರ್ವರ್ಡ್ ಆದೀತೆಂದು ಹೇಳಲಾಗದು.

ಫೋನ್ ಸಂಖ್ಯೆಯ ವಿಚಾರದಲ್ಲೂ ಸ್ವಲ್ಪ ಯೋಚನೆ ಬೇಕು. ಸಾಮಾನ್ಯವಾಗಿ ಕೊಡುವುದು ಅಮ್ಮನ ಸಂಖ್ಯೆ. 5.40ಕ್ಕೆ ದಾರಿ ತಿಳಿಯದೆ ಟ್ಯಾಂಕಿನ ಬಳಿ ನಿಂತವರು ಕರೆ ಮಾಡುವ ಹೊತ್ತಿಗೆ ಆಕೆ ಮೇಣದಬತ್ತಿ ಹಚ್ಚುತ್ತಿರುತ್ತಾಳೆ, ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಬಡಿದುಕೊಳ್ಳುತ್ತಿರುತ್ತದೆ. ಬರುವುದನ್ನು ತಿಳಿಸಲು ಅಮ್ಮನ ಸಂಖ್ಯೆ ಇರಲಿ. ದಾರಿ ಕೇಳಲು ಮಗುವಿನ ಸೋದರಮಾವನದೋ ಪಕ್ಕದ ಮನೆಯವರದೋ ಸಂಖ್ಯೆಯನ್ನು, ಅವರನ್ನು ಒಂದು ಮಾತು ಕೇಳಿ, ಬೇರೆಯಾಗಿ ಕೊಡಬೇಕು.