ಲಾಭದ ವ್ಯಾಪಾರಕ್ಕೂ ಏಪ್ರಿಲ್‌ನಲ್ಲಿ ಸಾಲ

ಕರ್ನಾಟಕದ ಶಾಲೆಗಳು ಬಾಗಿಲು ತೆರೆಯುವುದು ಮೇ ಕೊನೆಗೆ ಇಲ್ಲವೇ ಜೂನ್ ಮೊದಲಿಗೆ. ಸಮವಸ್ತ್ರ ಹೊಲಿದು ಕೊಡುವವರಿಗೆ ವರ್ಷದ ದುಡಿಮೆ ಅದರ ಆಸುಪಾಸಿನಲ್ಲೇ. ಆದರೆ ಬಟ್ಟೆಯ ಥಾನುಗಳು ಫೆಬ್ರವರಿಗೇ ಬಂದಿಳಿಯಬೇಕು, ಮಾರ್ಚ್‌ನಿಂದ ಹೊಲಿಗೆ ಯಂತ್ರಗಳು ಓಡಬೇಕು.

ಇಂಥ ವ್ಯಾಪಾರಕ್ಕೆ ನಗದು ಬಜೆಟ್ ಬೇಕು. ಅದರಲ್ಲಿ ಬಿಲ್ ಹರಿದ ತಿಂಗಳಿಗೆ ಬೆಲೆಯಿಲ್ಲ. ದುಡ್ಡು ಕೈಬದಲಾದ ತಿಂಗಳನ್ನಷ್ಟೇ ಬರೆಯಬೇಕು.

ಒಂದು ಹೊಲಿಗೆ ಘಟಕವನ್ನು ಊಹಿಸಿಕೊಳ್ಳೋಣ. ಫೆಬ್ರವರಿ ಒಂದರಂದು ಕೈಯಲ್ಲಿ 2 ಲಕ್ಷ ರೂಪಾಯಿ ಇದೆ. ಬಾಡಿಗೆ, ವಿದ್ಯುತ್ತಿಗೆ ತಿಂಗಳಿಗೆ 30 ಸಾವಿರ. ಫೆಬ್ರವರಿಯಲ್ಲಿ 4 ಲಕ್ಷದ, ಮಾರ್ಚ್‌ನಲ್ಲಿ 5 ಲಕ್ಷದ ಬಟ್ಟೆ ಬರುತ್ತದೆ. ವರ್ತಕರು ಒಂದು ತಿಂಗಳು ಉದ್ರಿ ಕೊಡುತ್ತಾರೆ. ಮೇನಲ್ಲಿ 12 ಲಕ್ಷದ, ಜೂನ್‌ನಲ್ಲಿ 8 ಲಕ್ಷದ ಸಮವಸ್ತ್ರ ಶಾಲೆಗಳಿಗೆ ಹೋಗುತ್ತದೆ. ಶಾಲೆಗಳು ಅರ್ಧ ಹಣವನ್ನು ಅದೇ ತಿಂಗಳು, ಉಳಿದರ್ಧವನ್ನು ಮುಂದಿನ ತಿಂಗಳು ಕೊಡುತ್ತವೆ. ಬಡ್ಡಿ, ತೆರಿಗೆ ಸದ್ಯಕ್ಕೆ ಬದಿಗಿರಲಿ.

ಫೆಬ್ರವರಿ ಕೊನೆಗೆ 1.7 ಲಕ್ಷ ಉಳಿಯುತ್ತದೆ. ಮಾರ್ಚ್‌ನಲ್ಲಿ ಬಟ್ಟೆಗೆ 4 ಲಕ್ಷ, ಕೂಲಿಗೆ 1 ಲಕ್ಷ, ಬಾಡಿಗೆ ಇತ್ಯಾದಿ ಕೊಟ್ಟರೆ 3.6 ಲಕ್ಷ ಕೊರತೆ. ಏಪ್ರಿಲ್‌ನಲ್ಲಿ 5 ಲಕ್ಷ ಬಟ್ಟೆಗೆ, ಒಂದೂವರೆ ಲಕ್ಷ ಕೂಲಿಗೆ. ಒಂದು ರೂಪಾಯಿಯೂ ಬರುವುದಿಲ್ಲ. ಕೊರತೆ 10.4 ಲಕ್ಷಕ್ಕೇರುತ್ತದೆ. ಮೇನಲ್ಲಿ ಶಾಲೆಗಳಿಂದ 6 ಲಕ್ಷ ಬಂದು, ಅಷ್ಟೇ ಕೂಲಿ ಹೋಗಿ, ಕೊರತೆ 6.2 ಲಕ್ಷಕ್ಕಿಳಿಯುತ್ತದೆ. ಜೂನ್‌ನಲ್ಲಿ 10 ಲಕ್ಷ ಬರುತ್ತದೆ, ಕೂಲಿ ಅರ್ಧ ಲಕ್ಷಕ್ಕೆ ತಗ್ಗುತ್ತದೆ. ಸಾಲ ತೀರಿ 3 ಲಕ್ಷ ಮಿಗುತ್ತದೆ. ಅಂದರೆ ಸಾಲ ಎತ್ತಬೇಕಾದದ್ದು ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ, ತೀರಿಸಬೇಕಾದದ್ದು ಮೇ, ಜೂನ್‌ನಲ್ಲಿ. ಗಲ್ಲಾಪೆಟ್ಟಿಗೆಯಲ್ಲಿ ಸದಾ 50 ಸಾವಿರ ಇರಲಿ ಎಂದರೆ ಏಪ್ರಿಲ್ ಕೊನೆಯ ಸಾಲ 10.9 ಲಕ್ಷ.

ಆದರೆ ಬ್ಯಾಂಕಿನಲ್ಲಿ 11 ಲಕ್ಷದ ಮಿತಿ ಕೇಳಿ ಬಂದರೆ ಮೇ ತಿಂಗಳಲ್ಲಿ ಸಿಕ್ಕಿಬೀಳುವುದು ಖಚಿತ. ತಿಂಗಳ ಲೆಕ್ಕ ತಿಂಗಳ ಕೊನೆಯ ದಿನವನ್ನಷ್ಟೇ ತೋರಿಸುತ್ತದೆ. ಕೂಲಿ ವಾರವಾರ ಹೋಗುತ್ತದೆ, ಶಾಲೆಯ ಹಣ ತಿಂಗಳ ಕೊನೆಗೆ ಬರುತ್ತದೆ. ಹಾಗಾಗಿ ಆ ಹಣ ಬರುವ ಮುಂಚಿನ ದಿನ ಮೇ ತಿಂಗಳ 1.8 ಲಕ್ಷವೂ ಹೊರಗೆ ಹೋಗಿರುತ್ತದೆ, ಸಾಲ 12.7 ಲಕ್ಷ ಮುಟ್ಟಿರುತ್ತದೆ. ಕೇಳಬೇಕಾದ ಮಿತಿ ಇದಕ್ಕೆ. ಏಪ್ರಿಲ್, ಮೇ ತಿಂಗಳುಗಳನ್ನಾದರೂ ವಾರದ ಲೆಕ್ಕದಲ್ಲಿ ಬರೆಯುವುದು ಇದಕ್ಕಾಗಿಯೇ.

ಈ ಬಜೆಟ್ಟಿನಲ್ಲಿ ಹೆಚ್ಚು ನಂಬಬಾರದ ಸಾಲು ವಸೂಲಿಯದು. ಉಳಿದರ್ಧ ಹಣವನ್ನು ಶಾಲೆಗಳು ಇನ್ನೊಂದು ತಿಂಗಳು ತಡಮಾಡಿದರೆ ಜೂನ್‌ಗೆ 10 ಲಕ್ಷದ ಬದಲು 4 ಲಕ್ಷವೇ ಬಂದು, ತಿಂಗಳ ಕೊನೆಗೂ 3.5 ಲಕ್ಷ ಸಾಲ ಉಳಿಯುತ್ತದೆ. ಬ್ಯಾಂಕಿಗೆ ಜುಲೈ ಕೊನೆಯವರೆಗೆ ಗಡುವು ಕೇಳುವವರು ಈ ಎರಡನೆಯ ಲೆಕ್ಕವನ್ನೂ ಜೊತೆಗಿಟ್ಟುಕೊಂಡು ಹೋಗುತ್ತಾರೆ.