ಛಾಯಾಚಿತ್ರದಿಂದ ಹಚ್ಚೆಗೆ: ‘ನಾರೇಯಣ’ ಎಂಬ ಬರಹದ ಪರಿಶೀಲನೆ

ಹಚ್ಚೆಗೋ ಚಿನ್ನದ ಡಾಲರಿನ ಕೆತ್ತನೆಗೋ ಆಯ್ದ ಪದವೊಂದರ ಛಾಯಾಚಿತ್ರವನ್ನು ಕಳುಹಿಸಿ, ‘ಇದು ಸರಿಯಾಗಿದೆಯೇ?’ ಎಂದು ಭಾಷಾಶಾಸ್ತ್ರಜ್ಞರನ್ನು ಕೇಳುವವರಿದ್ದಾರೆ. ಈ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ: ಲಿಪಿ ಯಾವುದು, ಅಕ್ಷರಗಳು ಪೂರ್ಣವಾಗಿವೆಯೇ, ಪದರೂಪ ಉದ್ದೇಶಿತ ಅರ್ಥವನ್ನೇ ಕೊಡುತ್ತದೆಯೇ. ಮೊದಲೆರಡಕ್ಕೆ ಉತ್ತರ ಬಹುಮಟ್ಟಿಗೆ ಚಿತ್ರದಲ್ಲಿಯೇ ಸಿಗುತ್ತದೆ, ಮೂರನೆಯದಕ್ಕೆ ಸಿಗುವುದಿಲ್ಲ. ಈ ಭೇದವನ್ನು ಮರೆತ ಪರಿಶೀಲಕನು ಸರಿಯಾದ ಬರಹವನ್ನೇ ತಿದ್ದಿ ಕೆಡಿಸಬಹುದು ಎಂಬುದನ್ನು ಪ್ರಸ್ತುತ ಲೇಖನವು ಒಂದು ಪದದ ಮೂಲಕ ವಿವರಿಸುತ್ತದೆ.

ಉದಾಹರಣೆಯನ್ನು ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಆಯ್ದುಕೊಳ್ಳಲು ಕಾರಣವಿದೆ. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೂ ಚಿಂತಾಮಣಿಯಿಂದ ಮದನಪಲ್ಲಿಯ ಕಡೆಗೂ ಜನರ ಓಡಾಟ ನಿರಂತರವಾಗಿದೆ. ಇಲ್ಲಿ ಅನೇಕ ಮನೆಗಳ ಮಾತು ತೆಲುಗು, ಶಾಲೆಯ ಲಿಪಿ ಕನ್ನಡ. ಎರಡೂ ಲಿಪಿಗಳು ಒಂದೇ ಮೂಲದವು, ಅನೇಕ ಅಕ್ಷರಗಳ ಒಡಲು ಇಂದಿಗೂ ಒಂದನ್ನೊಂದು ಹೋಲುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರು ಕನ್ನಡ ಮತ್ತು ತೆಲುಗು ಎರಡರಲ್ಲೂ ರಚನೆ ಮಾಡಿದವರು, ‘ಅಮರನಾರೇಯಣ’ ಎಂಬುದು ಅವರ ಅಂಕಿತ. ಹಿರಿಯರೊಬ್ಬರ ಡಾಲರಿನಲ್ಲಿ ‘ಶ್ರೀ ಅಮರನಾರೇಯಣ’ ಎಂದು ಕೆತ್ತಿದೆ, ಮನೆಯ ಯುವತಿಯೊಬ್ಬಳು ಅದರ ಚಿತ್ರ ತೆಗೆದು ಮುಂಗೈ ಮೇಲೆ ಅದನ್ನೇ ಹಚ್ಚೆ ಹಾಕಿಸಿಕೊಳ್ಳಲು ಬಯಸಿದ್ದಾಳೆ ಎಂದು ಭಾವಿಸೋಣ.

1. ಲಿಪಿಯ ನಿರ್ಣಯ

ಮಸುಕಾದ ಚಿತ್ರದಲ್ಲಿ ಅಕ್ಷರದ ಒಡಲನ್ನು ನಂಬುವುದಕ್ಕಿಂತ ತಲೆಕಟ್ಟನ್ನು ನೋಡುವುದು ಒಳಿತು. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಹರಿಯುತ್ತದೆ. ತೆಲುಗಿನದು ಉತ್ತರಪತ್ರಿಕೆಯಲ್ಲಿ ‘ಸರಿ’ ಎಂದು ಹಾಕುವ ಗುರುತಿನಂತೆ ಓರೆಯಾಗಿ ಮೇಲೇಳುತ್ತದೆ. ಆದರೆ ಹಳೆಯ ಕೆತ್ತನೆಯಲ್ಲಿ ತಲೆಕಟ್ಟೇ ಮೊದಲು ಸವೆಯುವ ಸಂಭವವಿದೆ. ಆಗ ಸ್ವರಚಿಹ್ನೆಗಳು ನೆರವಿಗೆ ಬರುತ್ತವೆ. ‘ರೇ’ ಎಂಬಲ್ಲಿ ಕನ್ನಡವು ಎತ್ವವನ್ನು ಅಕ್ಷರದ ನೆತ್ತಿಗೆ ಹಾಕಿ, ದೀರ್ಘವನ್ನು (ೕ) ಬಲಕ್ಕೆ ಬೇರೆಯಾಗಿ ಬರೆಯುತ್ತದೆ. ತೆಲುಗಿನ ದೀರ್ಘ ಏಕಾರದ ಚಿಹ್ನೆ ಪೂರ್ತಿಯಾಗಿ ಅಕ್ಷರದ ಮೇಲೆಯೇ ನಿಲ್ಲುತ್ತದೆ, ಬಲಕ್ಕೆ ಏನೂ ಇರುವುದಿಲ್ಲ. ಹೀಗಾಗಿ ‘ರ’ ಮತ್ತು ‘ಯ’ಗಳ ನಡುವೆ ಬಿಡಿಚಿಹ್ನೆಯೊಂದು ಕಂಡರೆ ಬರಹ ಕನ್ನಡದ್ದೆಂದು ತಿಳಿಯಬಹುದು.

ಇದೇ ಚಿಹ್ನೆ ಕನ್ನಡಿಬಿಂಬವನ್ನೂ ಬಯಲುಮಾಡುತ್ತದೆ. ಮೊಬೈಲಿನ ಮುಂಭಾಗದ ಕ್ಯಾಮೆರಾದಿಂದ ತೆಗೆದ ಚಿತ್ರ ಕೆಲವೊಮ್ಮೆ ಎಡಬಲ ತಿರುಗಿಯೇ ಉಳಿಯುತ್ತದೆ. ಲಿಪಿಯನ್ನು ಓದಲಾರದ ಕಲಾವಿದನಿಗೆ ಅದು ತಪ್ಪೆಂದು ತೋರದು. ದೀರ್ಘವು ತನ್ನ ಅಕ್ಷರದ ಎಡಕ್ಕೆ ಬಂದಿದ್ದರೆ ಚಿತ್ರವನ್ನು ತಿರುಗಿಸಿಯೇ ಮುಂದುವರಿಯಬೇಕು.

2. ಅಕ್ಷರಗಳ ಪೂರ್ಣತೆ

ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರ್ಪಡಿಸಬೇಕು. ಮೊದಲನೆಯದು ಗೆರೆಯ ಲೋಪ. ಬಿಡಿಯಾಗಿ ನಿಲ್ಲುವ ದೀರ್ಘವನ್ನು ಅಲಂಕಾರವೆಂದು ಬಗೆದು ಕೈಬಿಟ್ಟರೆ ‘ನಾರೇಯಣ’ವು ‘ನಾರೆಯಣ’ವಾಗುತ್ತದೆ, ‘ಶ್ರೀ’ಯು ‘ಶ್ರಿ’ಯಾಗುತ್ತದೆ. ‘ಮ’ದ ಬಲಬದಿಯ ಸುರುಳಿ ಸವೆದರೆ ಅದು ‘ವ’ ಎಂದು ಓದಿಸಿಕೊಳ್ಳುತ್ತದೆ. ಆಗ ‘ಅಮರ’ವು ‘ಅವರ’ ಆಗುತ್ತದೆ. ಇದು ಕನ್ನಡದಲ್ಲಿ ಸಹಜವಾದ ಪದವೇ ಆದ್ದರಿಂದ ಓದುಗನ ಕಣ್ಣು ಎಡವದೆ ದಾಟಿಹೋಗುತ್ತದೆ. ಅರ್ಥವಿಲ್ಲದ ತಪ್ಪಿಗಿಂತ ಅರ್ಥವಿರುವ ತಪ್ಪು ಹೆಚ್ಚು ಅಪಾಯಕಾರಿ. ಚರ್ಮದಲ್ಲಿ ಶಾಯಿ ವರ್ಷಗಳು ಕಳೆದಂತೆ ಹರಡುವುದರಿಂದ, ಇಂತಹ ಕಿರುಸುರುಳಿಗಳ ನಡುವಿನ ತೆರವು ಮೊದಲ ದಿನವೇ ಸಾಕಷ್ಟು ಅಗಲವಾಗಿರಬೇಕು.

ಎರಡನೆಯದು ಗಣಕದ ದೋಷ. ವಿನ್ಯಾಸದ ತಂತ್ರಾಂಶವು ಭಾರತೀಯ ಲಿಪಿಗಳ ಜೋಡಣೆಯನ್ನು ಅರಿಯದಿದ್ದರೆ ‘ಶ್ರೀ’ಯ ರಾವತ್ತು ಕೆಳಗಿಳಿಯದೆ, ‘ಶ್’ ಮತ್ತು ‘ರೀ’ ಅಕ್ಕಪಕ್ಕ ಬಿಡಿಯಾಗಿ ನಿಲ್ಲುತ್ತವೆ. ಅಕ್ಷರಗಳ ಅನುಕ್ರಮ ಸರಿಯಿದ್ದರೂ ಬರಹದ ರೂಪ ತಪ್ಪಾಗುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು: ರೂಪ ಸರಿಯಾಗಿ ಕಂಡರೂ ನಡುವಿನ ಒಂದು ಅಕ್ಷರ ತೆಲುಗಿನ ಕೀಲಿಮಣೆಯಿಂದ ಬಂದಿರಬಹುದು. ಯುನಿಕೋಡ್‌ನಲ್ಲಿ ಕನ್ನಡದ ವಿಭಾಗ U+0C80ರಿಂದ, ತೆಲುಗಿನದು U+0C00ರಿಂದ ಆರಂಭವಾಗುತ್ತದೆ. ‘ನಾರೇಯಣ’ದ ಸಂಕೇತಗಳು ಹೀಗಿರಬೇಕು:

```
U+0CA8 U+0CBE U+0CB0 U+0CC7 U+0CAF U+0CA3
```

ಇವುಗಳಲ್ಲಿ ಒಂದಾದರೂ U+0C28ರಂತೆ 0C80ಕ್ಕಿಂತ ಕೆಳಗಿದ್ದರೆ ಲಿಪಿ ಬೆರೆತಿದೆ ಎಂದರ್ಥ. U+0CC7ರ ಬದಲು U+0CC6, U+0CD5 ಎಂಬ ಜೋಡಿ ಬಂದರೆ ಅದು ದೋಷವಲ್ಲ. ಎತ್ವ ಮತ್ತು ದೀರ್ಘವನ್ನು ಬಿಡಿಸಿ ಬರೆದ ಅದೇ ಸ್ವರವದು, ಯುನಿಕೋಡ್ ಎರಡನ್ನೂ ಸಮಾನವೆಂದೇ ಪರಿಗಣಿಸುತ್ತದೆ.

3. ಪದರೂಪ ಮತ್ತು ಅರ್ಥ

ಲಿಪಿ, ಅಕ್ಷರಗಳೆರಡೂ ಸರಿಯೆಂದು ಕಂಡ ಮೇಲೆ ಶಿಷ್ಟ ಕನ್ನಡವನ್ನು ಬಲ್ಲ ಪರಿಶೀಲಕನಿಗೆ ಒಂದು ಆಸೆ ಹುಟ್ಟುತ್ತದೆ: ‘ನಾರೇಯಣ’ವನ್ನು ‘ನಾರಾಯಣ’ ಎಂದು ತಿದ್ದಬೇಕು ಎನ್ನುವುದು. ನಿಘಂಟು ಅವನ ಪರವಾಗಿಯೇ ಇದೆ. ಆದರೆ ಕೈವಾರದ ದೇವಾಲಯದ ದೇವರು ಅಮರನಾರಾಯಣ, ಯೋಗಿಗಳ ಹೆಸರು ಹಾಗೂ ಅಂಕಿತದಲ್ಲಿ ರೂಢವಾದ ರೂಪ ‘ನಾರೇಯಣ’. ಯಕಾರದ ಪೂರ್ವದಲ್ಲಿ ಆಕಾರವು ಏಕಾರದತ್ತ ಸರಿದಿರುವುದನ್ನು ತಾಲವ್ಯ ಪರಿಸರದ ಪ್ರಭಾವವೆಂದು ವಿವರಿಸಬಹುದು. ವಿವರಣೆ ಏನೇ ಇರಲಿ, ಇಂದು ಇವೆರಡೂ ಬೇರೆ ಬೇರೆ ನಿರ್ದೇಶವುಳ್ಳ ರೂಪಗಳು. ತಿದ್ದಿದರೆ ಕಾಗುಣಿತ ಸರಿಯಾಗುವುದಿಲ್ಲ, ಹೆಸರಿಸಿದ ವ್ಯಕ್ತಿಯೇ ಬದಲಾಗುತ್ತಾನೆ. ದೇವರ ಹೆಸರನ್ನು ಬಯಸಿದವಳಿಗೆ ‘ನಾರೇಯಣ’ವನ್ನು ಒಪ್ಪಿಸುವುದೂ ಅಷ್ಟೇ ತಪ್ಪು.

ಎರಡರಲ್ಲಿ ಯಾವುದು ಉದ್ದೇಶಿತವೆಂದು ಚಿತ್ರ ಹೇಳುವುದಿಲ್ಲ. ಆದ್ದರಿಂದ ‘ಇದು ಸರಿಯೇ?’ ಎಂಬ ಪ್ರಶ್ನೆಗೆ ಪ್ರತಿಯಾಗಿ ‘ನಿಮ್ಮ ಅಜ್ಜಿ ಇದನ್ನು ಹೇಗೆ ಹೇಳುತ್ತಾರಮ್ಮ? ಯಾರನ್ನು ನೆನೆದು ಹೇಳುತ್ತಾರೆ?’ ಎಂದು ಕೇಳಬೇಕು. ಉಚ್ಚಾರವೊಂದೇ ಸಾಲದು, ದೇವರನ್ನು ಕುರಿತೂ ಮನೆಯವರು ಏಕಾರದ ರೂಪವನ್ನೇ ಬಳಸುತ್ತಿರಬಹುದು. ನಿರ್ದೇಶವನ್ನೂ ಕೇಳಿಯೇ ತೀರ್ಮಾನಿಸಬೇಕು.

4. ಅಂತಿಮ ಕರಡು

ನಿರ್ಣಯವಾದ ಬಳಿಕ ಬರಹವನ್ನು ಛಾಯಾಚಿತ್ರದಿಂದ ನಕಲು ಮಾಡಬಾರದು, ಹೊಸದಾಗಿ ಬೆರಳಚ್ಚು ಮಾಡಬೇಕು. ಸವೆದ ಕೆತ್ತನೆಯ ಲೋಪಗಳು ಹೊಸ ಬರಹಕ್ಕೆ ದಾಟದಿರಲು ಇದೊಂದೇ ದಾರಿ. ಜೋಡಣೆ ಸರಿಯಿರುವುದನ್ನು ಕಂಡ ಮೇಲೆ ಅಕ್ಷರಗಳನ್ನು ರೇಖಾಕೃತಿಗಳಾಗಿ ಪರಿವರ್ತಿಸಿ ಕಳುಹಿಸಿದರೆ, ಅಂಗಡಿಯ ಗಣಕದಲ್ಲಿ ಆ ಫಾಂಟ್ ಇಲ್ಲದಿದ್ದರೂ ರೂಪ ಕೆಡದು. ಅನಂತರ ಹಚ್ಚೆಯ ನಿಜ ಅಳತೆಯಲ್ಲಿಯೇ ಕಾಗದದ ಮೇಲೆ ಮುದ್ರಿಸಿ, ಪದ ಯಾವುದೆಂದು ತಿಳಿಸದೆ, ಕನ್ನಡ ಬಲ್ಲ ಮತ್ತೊಬ್ಬರಿಂದ ಗಟ್ಟಿಯಾಗಿ ಓದಿಸಬೇಕು. ಪದವನ್ನು ಮೊದಲೇ ಅರಿತವನು ಕಾಣದ ಗೆರೆಯನ್ನೂ ಕಂಡಂತೆ ಓದುತ್ತಾನೆ.

ಓದುಗನು ‘ಅವರ’ ಎಂದರೆ ‘ಮ’ವನ್ನು ಬಿಡಿಸಿ ಬರೆಯಬೇಕು, ‘ನಾರೆಯಣ’ ಎಂದರೆ ದೀರ್ಘವನ್ನು ಸ್ಪಷ್ಟಗೊಳಿಸಬೇಕು. ಅವನು ‘ನಾರಾಯಣ’ ಎಂದು ಓದಿದರೆ ಮಾತ್ರ ಕರಡನ್ನು ಒಡನೆಯೇ ತಿದ್ದಬಾರದು. ಒಂದೊಂದೇ ಅಕ್ಷರವನ್ನು ತೋರಿಸಿ ಮತ್ತೆ ಓದಿಸಬೇಕು. ಆಗ ‘ರೇ’ ಎಂದು ಓದಿದನಾದರೆ ಬರಹದಲ್ಲಿ ದೋಷವಿಲ್ಲ. ಪರಿಚಿತ ರೂಪವು ಕಣ್ಣಿಗಿಂತ ಮುಂದೆ ಓಡಿತ್ತು, ಅಷ್ಟೆ.