ನಿಮಗಿದು ಗೊತ್ತೇ? ಡಾಕ್ಟರಿಗೆ ಒಂದು ಹಾಳೆ: ಕೆಳಹೊಟ್ಟೆ ನೋವಿನ ಲೆಕ್ಕ

ವಾರಗಟ್ಟಲೆ ಕೆಳಹೊಟ್ಟೆ ನೋವೆಂದು ಬಂದ ಹೆಂಗಸಿಗೆ ಡಾಕ್ಟರು ಮೊದಲು ಕೇಳುವುದು ನೋವಿನ ಬಗ್ಗೆ ಅಲ್ಲದಿರಬಹುದು, ಕಳೆದ ಮುಟ್ಟಿನ ಮೊದಲ ದಿನ ಯಾವುದು ಎಂದಿರಬಹುದು. ಗರ್ಭ ನಿಂತಿದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು. ಹಾಗಾಗಿ ಡಾಕ್ಟರಿಗೆ ಬರೆದು ಒಯ್ಯುವ ಪತ್ರದ ಮೊದಲ ಸಾಲಿನಲ್ಲೇ ಆ ತಾರೀಖು ಇರಲಿ.

ಮೀನುಗಾರಿಕೆ ನಿಷೇಧವೂ ತಾರೀಖು ಹೇಳುತ್ತದೆ! ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ನೋವು ಶುರುವಾದ ದಿನ ಕೇಳಿದರೆ "ಬೋಟು ನಿಂತ ವಾರ", "ರಂಜಾನ್ ಮುಗಿದ ಮೇಲೆ", "ಮಾರಿ ಜಾತ್ರೆ ಹೊತ್ತಿಗೆ" ಎಂಬ ಉತ್ತರ ಬರುತ್ತದೆ. ಇದರಲ್ಲಿ ತಪ್ಪಿಲ್ಲ. ಯಾಂತ್ರಿಕ ಬೋಟುಗಳು ನಿಲ್ಲುವುದು ಜೂನ್ 1ಕ್ಕೆ, ಅಂದರೆ ಅದು ಖಚಿತ ತಾರೀಖೇ. ಗೋಡೆಯ ಕ್ಯಾಲೆಂಡರ್ ನೋಡಿ ಹಬ್ಬವನ್ನು ತಾರೀಖಿಗೆ ಇಳಿಸಿ ಬರೆದರೆ ಸಾಕು.

ಪತ್ರ ಹೇಗಿರಬೇಕು? ಹೊನ್ನಾವರದ 34 ವರ್ಷದ ಒಬ್ಬರು ಬರೆದರು ಎಂದಿಟ್ಟುಕೊಳ್ಳಿ:

"ಡಾಕ್ಟರೇ, ಕೊನೆಯ ಮುಟ್ಟು ಜೂನ್ 23. ಅದಕ್ಕೂ ಹಿಂದಿನದು ಮೇ 26. ಒಂದು ಮಗು, ಸಿಸೇರಿಯನ್. ಮೇ 24ರಿಂದ ಕೆಳಹೊಟ್ಟೆಯ ಎಡಕ್ಕೆ ಜಗ್ಗಿದ ಹಾಗೆ ನೋವು. ಮುಟ್ಟಿನ ದಿನ 10ಕ್ಕೆ 7, ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮುಟ್ಟು ನಿಂತ ಮೇಲೂ 3ರಷ್ಟು ಉಳಿಯಿತು. ಜೂನ್ 21ಕ್ಕೆ ಮತ್ತೆ ಏರಿತು, 23ಕ್ಕೆ 8. ಆಗ ಸಂಡಾಸಿಗೆ ಕೂತರೆ ಒಳಗೆ ಚುಚ್ಚುತ್ತದೆ. ಗಂಡನ ಜೊತೆ ಸೇರುವಾಗಲೂ ನೋವು. ಮೆಫೆನಾಮಿಕ್ ಆಸಿಡ್ 500 ದಿನಕ್ಕೆ ಎರಡು, ಮೂರು ದಿನ ನುಂಗಿದೆ, ಎರಡು ಗಂಟೆ ಕಡಿಮೆ ಅಷ್ಟೇ. ಜ್ವರ ಇಲ್ಲ, ಉರಿಮೂತ್ರ ಇಲ್ಲ, ವಾಸನೆಯ ಬಿಳಿಸೆರಗು ಇಲ್ಲ."

ಇದರಲ್ಲಿ ಡಾಕ್ಟರು ಏನು ಓದುತ್ತಾರೆ? ಎರಡು ಸಲವೂ ನೋವು ಏರಿದ್ದು ಮುಟ್ಟಿಗೆ ಎರಡು ದಿನ ಮುಂಚೆ. ಮಲವಿಸರ್ಜನೆಯ ನೋವೂ ಮುಟ್ಟಿನ ಜೊತೆಗೇ ಬರುತ್ತಿದೆ. ಹೀಗೆ ತಿಂಗಳ ಚಕ್ರಕ್ಕೆ ಕಟ್ಟಿಕೊಂಡ ನೋವು ಕಂಡರೆ ಎಂಡೋಮೆಟ್ರಿಯೋಸಿಸ್ ನೆನಪಾಗುತ್ತದೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ ಬೆಳೆಯುವ ಈ ತೊಂದರೆ, ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡೇ ಚಕ್ರದಿಂದ ತೀರ್ಪು ಕೊಡಲಾಗದು. ಅಂಡಾಶಯದ ಗಡ್ಡೆ, ಸಿಸೇರಿಯನ್ ನಂತರದ ಅಂಟುವಿಕೆ, ಹಳೆಯ ಸೋಂಕು ಕೂಡ ಲೆಕ್ಕದಲ್ಲಿರುತ್ತವೆ. ಮುಟ್ಟಿಗೆ ಸಂಬಂಧವೇ ಇಲ್ಲದೆ ಮೂತ್ರ ತುಂಬಿದಾಗ ಏರಿ, ಹೋದ ಮೇಲೆ ಇಳಿಯುವ ನೋವಾಗಿದ್ದರೆ ಅವರು ಮೂತ್ರಕೋಶದ ಕಡೆ ನೋಡುತ್ತಿದ್ದರು.

ಪತ್ರದ ಕೊನೆಯ ಮೂರು "ಇಲ್ಲ"ಗಳಿಗೆ ಇದೆ ಎಂಬ ಸಾಲುಗಳಷ್ಟೇ ಬೆಲೆ. ಅವು ಸೋಂಕಿನ ಅನುಮಾನವನ್ನು ಹಿಂದಕ್ಕೆ ಸರಿಸುತ್ತವೆ. ಜನ ಬಿಟ್ಟುಬಿಡುವುದೂ ಅವನ್ನೇ.

ಮಾತ್ರೆಯ ಹೆಸರು ಮರೆತಿದೆಯೇ? ಖಾಲಿ ಸ್ಟ್ರಿಪ್ಪನ್ನೇ ಹಾಳೆಗೆ ಪಿನ್ ಮಾಡಿ. "ಬಿಳಿ ಮಾತ್ರೆ" ಎಂದರೆ ಅಂಗಡಿಯ ಅರ್ಧ ಮಾತ್ರೆಗಳು ಬಿಳಿಯವೇ.

ಅತ್ತೆಯೋ ನಾದಿನಿಯೋ ಜೊತೆಗೆ ಬಂದಾಗ, ಬಾಗಿಲು ತೆರೆದಿರುವ ಕೋಣೆಯಲ್ಲಿ ಸೇರುವಾಗಿನ ನೋವನ್ನು ಬಾಯಲ್ಲಿ ಹೇಳುವವರು ಯಾರು? ಪತ್ರದ ದೊಡ್ಡ ಉಪಯೋಗ ಇದೇ ಎಂದು ನನಗನಿಸುತ್ತದೆ. ಮೇಲ್ಗಡೆ "ದಯವಿಟ್ಟು ಜೋರಾಗಿ ಓದಬೇಡಿ" ಎಂದು ಬರೆದಿಡಬಹುದು. ಹಿಂದೆ ಗರ್ಭಪಾತ ಆಗಿದ್ದರೆ ಅದೂ ಹಾಳೆಯಲ್ಲೇ ಇರಲಿ.

ಪತ್ರ ಬರೆಯುತ್ತಾ ಕೂರಬಾರದ ನೋವೂ ಉಂಟು. ಮುಟ್ಟು ತಪ್ಪಿ ಒಂದು ಬದಿಗೆ ನೋವು, ತಲೆಸುತ್ತು, ಭುಜದ ತುದಿಯಲ್ಲಿ ನೋವು ಎಂದರೆ ಗರ್ಭನಾಳದಲ್ಲಿ ನಿಂತ ಗರ್ಭ ಒಡೆದಿರಬಹುದು. ದಿಢೀರನೆ ಬಂದ ತೀವ್ರ ನೋವಿಗೆ ವಾಂತಿ ಸೇರಿದರೆ ಅಂಡಾಶಯ ತಿರುಚಿರಬಹುದು. ಚಳಿಜ್ವರದ ಜೊತೆ ಕೆಳಹೊಟ್ಟೆ ನೋವು, ನಿಲ್ಲದ ರಕ್ತಸ್ರಾವವೂ ಅದೇ ಸಾಲಿನವು. ಕೂಡಲೇ 108ಕ್ಕೆ ಕರೆ ಮಾಡಿ. ಕುಮಟಾದಿಂದ ಮಣಿಪಾಲಕ್ಕೆ ಹೋಗಲು ಗಂಟೆಗಳೇ ಬೇಕು, ಅದಕ್ಕೇ ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ.

ಸ್ಕ್ಯಾನಿಂಗ್ ನಾರ್ಮಲ್ ಬಂದರೆ ಏನೂ ಇಲ್ಲ ಎಂದೇ? ಅಲ್ಲ. ಹೊಟ್ಟೆಯ ಮೇಲಿನ ಸ್ಕ್ಯಾನಿಂಗಿಗೆ ಗಡ್ಡೆ ಕಂಡೀತು, ಎಂಡೋಮೆಟ್ರಿಯೋಸಿಸ್‌ನ ತೆಳು ಕಲೆಗಳು ಕಾಣುವುದಿಲ್ಲ. ಆದ್ದರಿಂದ ಸ್ಕ್ಯಾನ್ ರಿಪೋರ್ಟ್ ಬಂದ ಮೇಲೂ ತಾರೀಖು ಬರೆಯುವುದನ್ನು ನಿಲ್ಲಿಸಬೇಡಿ. ಮೂರನೆಯ ಮುಟ್ಟಿನ ಸಾಲನ್ನೂ ಸೇರಿಸಿ ಹಾಳೆಯ ಜೆರಾಕ್ಸ್ ಇಟ್ಟುಕೊಳ್ಳಿ. ಡಾಕ್ಟರು ಮಣಿಪಾಲಕ್ಕೋ ಮಂಗಳೂರಿಗೋ ಬರೆದುಕೊಟ್ಟರೆ ಅಲ್ಲಿಯೂ ಇವೇ ಪ್ರಶ್ನೆಗಳು ಮೊದಲಿನಿಂದ ಬರುತ್ತವೆ.